ವೆಸ್ಟರ್ನ್ ಕ್ಲಾಸಿಕಲ್ ಕೇಳಲು ಎಲ್ಲಿಂದ ಶುರು ಮಾಡಿದಿರಿ?

ಕೇಳಿದವರು (ಶಿವಮೊಗ್ಗ): ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿ ಬೆಳೆದವಳು ನಾನು. ಸಿಂಫನಿ ಹಾಕಿಕೊಂಡು ಕೂತರೆ ಹತ್ತು ನಿಮಿಷಕ್ಕೆ ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಚಿಕ್ಕದಾದ, ಸುಲಭವಾದ ಏನಾದರೂ ಹೇಳಿ. ಯಾವುದರಿಂದ ಶುರು ಮಾಡಲಿ, ಆಮೇಲೆ ಯಾವುದು? ನೊಟೇಶನ್ ಓದಲು ಬರುವುದಿಲ್ಲ.

ಪಿಯಾನೊ ಟೀಚರ್ (ಬೆಂಗಳೂರು): ಮೇಡಂ, ಎರಡು ನಿಮಿಷದ ಒಂದೇ ಒಂದು ಪೀಸ್ ತಗೊಳ್ಳಿ. ಬಾಖ್ 1722ರಲ್ಲಿ ಸೇರಿಸಿಟ್ಟ ಸಂಗ್ರಹದ ಮೊದಲನೆಯದು, ಸಿ ಮೇಜರ್ ಪ್ರೆಲ್ಯೂಡ್. BWV 846 ಅಂತ ಹುಡುಕಿದರೆ ಸಿಗುತ್ತದೆ. ಟ್ರ್ಯಾಕ್ ನಾಲ್ಕು ನಿಮಿಷ ಇದ್ದರೆ ಅದರ ಹಿಂದೆ ಬರುವ ಜೋಡಿ ಪೀಸ್, ಫ್ಯೂಗ್, ಕೂಡ ಸೇರಿದೆ ಅಂತ ಅರ್ಥ. ಸದ್ಯಕ್ಕೆ ಮೊದಲ ಅರ್ಧ ಸಾಕು. ನಿದ್ದೆ ಬರಿಸಲಿಕ್ಕೆ ಅಂತ ಮಳೆ ಸದ್ದು ಸೇರಿಸಿ ನಿಧಾನ ಮಾಡಿದ ವಿಡಿಯೊಗಳೂ ಬರುತ್ತವೆ. ಅವು ಬೇಡ.

ಇದರಲ್ಲಿ ಹಾಡಿಕೊಳ್ಳುವಂಥ ರಾಗವೇ ಇಲ್ಲ. ಐದು ಸ್ವರ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ, ಕೊನೆಯ ಮೂರು ಇನ್ನೊಮ್ಮೆ ಬರುತ್ತವೆ. ಅಷ್ಟನ್ನೇ ಎರಡು ಸಲ ನುಡಿಸಿದರೆ ಒಂದು ಆವರ್ತ (ಅವರು ಬಾರ್ ಎನ್ನುವುದನ್ನು ನಾನು ಆವರ್ತ ಎಂದೇ ಹೇಳುತ್ತೇನೆ). ಮುಂದಿನ ಆವರ್ತಕ್ಕೆ ಬೆರಳು ಒಂದೆರಡು ಸ್ವರ ಆಚೀಚೆ ಸರಿಯುತ್ತದೆ. ಹೀಗೆ ಒಟ್ಟು 35 ಆವರ್ತ.

ನೀವು ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಮಾತ್ರ ಹಿಡಿಯಿರಿ. ನಮ್ಮಲ್ಲಿ ತಂಬೂರಿ ಕದಲುವುದಿಲ್ಲ, ಮೇಲೆ ರಾಗ ಓಡಾಡುತ್ತದೆ. ಇಲ್ಲಿ ಆ ನೆಲವೇ ನಡೆಯುತ್ತದೆ. ಸಿಂಫನಿಯಲ್ಲಿ ನಿಮಗೆ ದಾರಿ ತಪ್ಪುವುದು ಇದಕ್ಕೇ ಅಂತ ನನ್ನ ಅಂದಾಜು: ಕಿವಿ ಮೇಲೆ ಹುಡುಕುತ್ತಿರುತ್ತದೆ, ಕಥೆ ಕೆಳಗೆ ನಡೆಯುತ್ತಿರುತ್ತದೆ. ಮೊದಲ ನಾಲ್ಕು ಆವರ್ತದಲ್ಲಿ ಕೆಳಗೆ ಬರುವುದು ಸ, ಸ, ನಿ, ಸ. ಮನೆಯಿಂದ ಒಂದು ಹೆಜ್ಜೆ ಆಚೆ ಇಟ್ಟು ವಾಪಸ್ ಬಂದ ಹಾಗೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ, 19ನೇ ಆವರ್ತದಲ್ಲಿ ಒಂದು ಸ್ಥಾಯಿ ಕೆಳಗಿನ ಷಡ್ಜಕ್ಕೆ ಬಂದು ಮುಟ್ಟುತ್ತದೆ. 24ನೇ ಆವರ್ತದಿಂದ ಪಂಚಮದಲ್ಲಿ ನಿಂತುಬಿಡುತ್ತದೆ. ಎಂಟು ಆವರ್ತ ಅಲ್ಲೇ. ಎರಡು ನಿಮಿಷದ ರೆಕಾರ್ಡಿಂಗ್ ಆದರೆ ಒಂದೂಕಾಲು ನಿಮಿಷ ದಾಟಿದ ಮೇಲೆ ಇದು ಬರುತ್ತದೆ, ಸುಮಾರು ಅರ್ಧ ನಿಮಿಷ ಇರುತ್ತದೆ. ಮೇಲಿನ ಸ್ವರಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಕೆಳಗಿನದು ಮಾತ್ರ ಜಗ್ಗುವುದಿಲ್ಲ. ಆಮೇಲೆ ಷಡ್ಜಕ್ಕೆ ಇಳಿಯುತ್ತದೆ, ಕೊನೆಯ ನಾಲ್ಕು ಆವರ್ತ ಅಲ್ಲೇ ಮುಗಿಯುತ್ತದೆ.

ಕಿವಿಗೆ ಹತ್ತಿತೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಆ ಪಂಚಮ ನಡೆಯುತ್ತಿರುವಾಗಲೇ ಪಾಸ್ ಒತ್ತಿ. ತಾನಾಗಿ ಗಂಟಲಲ್ಲಿ ಷಡ್ಜ ಬಂದರೆ ನೀವು ಹಾರ್ಮನಿ ಕೇಳಿದಿರಿ. ಬರದಿದ್ದರೆ ನಾಳೆ ಇನ್ನೊಮ್ಮೆ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಕೆಳಗಿನ ಸ್ವರ ಅದರಲ್ಲಿ ಸರಿಯಾಗಿ ಕೇಳುವುದೇ ಇಲ್ಲ.

ವೀಣೆ ಕಲಿತವರು (ಮೈಸೂರು): ಸಿ ಮೇಜರ್ ಅಂದರೆ ನಮ್ಮ ಶಂಕರಾಭರಣ, ಅಷ್ಟೇ. ದೀಕ್ಷಿತರೇ ಬ್ಯಾಂಡಿನ ಧಾಟಿಗಳಿಗೆ ಸಾಹಿತ್ಯ ಹಾಕಿ ನೋಟುಸ್ವರ ಮಾಡಿದ್ದಾರೆ. ಸಂತತಂ ಪಾಹಿಮಾಂ ಇರುವುದು ಇಂಗ್ಲಿಷರ ರಾಷ್ಟ್ರಗೀತೆಯ ಧಾಟಿಯಲ್ಲಿ. ಅದು ಗೊತ್ತಿದ್ದವರಿಗೆ ಇಷ್ಟೆಲ್ಲ ತಯಾರಿ ಯಾಕೆ? ರಾಗ ಅಂತಲೇ ಕೇಳಲಿ. ನನಗೆ ಬೇಜಾರಾಗುವುದು ಒಂದೇ, ಗಮಕ ಇಲ್ಲ. ಸ್ವರ ಸಪ್ಪೆಯಾಗಿ ನಿಂತಿರುತ್ತದೆ.

ಪಿಯಾನೊ ಟೀಚರ್: ನೋಟುಸ್ವರದ ಮಾತು ನಿಜ ಸರ್, ನಮ್ಮವರಿಗೆ ಅದು ಒಳ್ಳೆಯ ಮೆಟ್ಟಿಲು. ಆದರೆ ಈ ಪ್ರೆಲ್ಯೂಡನ್ನೇ ಶಂಕರಾಭರಣ ಅಂತ ಕೇಳಿ ನೋಡಿ. ಆರನೇ ಆವರ್ತಕ್ಕೇ ಪ್ರತಿ ಮಧ್ಯಮ ಬರುತ್ತದೆ. 11ನೆಯದರ ಹೊತ್ತಿಗೆ ಪಂಚಮವೇ ಷಡ್ಜದ ಹಾಗೆ ಕೇಳುತ್ತದೆ. ರಾಗ ಅಂತ ಕೂತರೆ ಇದು ಅಪಸ್ವರ ಅನಿಸುತ್ತದೆ. ಮನೆ ಬದಲಾಯಿತು ಅಂತ ಕೇಳಿದರೆ ಸರಿಹೋಗುತ್ತದೆ. ಗಮಕ ಇಲ್ಲ ಎನ್ನುವುದು ಪಿಯಾನೊಗೆ ಪೂರ್ತಿ ನಿಜ, ಒತ್ತಿದ ಮೇಲೆ ಸ್ವರ ಕ್ಷೀಣಿಸುತ್ತಾ ಹೋಗುತ್ತದೆ. ಅದಕ್ಕೇ ಎರಡನೇ ಹೆಜ್ಜೆಗೆ ನಾನು ಊದುವ ವಾದ್ಯ ಕೊಡುತ್ತೇನೆ.

ಮೊಜಾರ್ಟ್ ಬರೆದ ಕ್ಲಾರಿನೆಟ್ ಕಂಚೆರ್ಟೊ, K. 622, ಎರಡನೇ ಭಾಗ, ಅಡಾಜಿಯೊ. 1791ರದ್ದು, ಅವನು ತೀರಿಹೋದ ವರ್ಷ. ಸುಮಾರು ಏಳು ನಿಮಿಷ. ಕ್ಲಾರಿನೆಟ್ ಎಂಟು ಆವರ್ತದ ಒಂದು ಧಾಟಿ ನುಡಿಸುತ್ತದೆ, ಇಡೀ ಆರ್ಕೆಸ್ಟ್ರಾ ಅದನ್ನೇ ತುಂಬಿಕೊಂಡು ನುಡಿಸುತ್ತದೆ. ಮತ್ತೆ ಕ್ಲಾರಿನೆಟ್, ಮತ್ತೆ ಆರ್ಕೆಸ್ಟ್ರಾ. ಕಚೇರಿಯಲ್ಲಿ ಪಿಟೀಲು ಹಾಡುಗಾರರನ್ನು ಹಿಂಬಾಲಿಸುತ್ತದಲ್ವಾ, ಆ ಅಭ್ಯಾಸ ಇದ್ದ ಕಿವಿಗೆ ಇದು ಕಷ್ಟವಲ್ಲ. ನಡುವೆ ಕ್ಲಾರಿನೆಟ್ ಒಂಟಿಯಾಗಿ ಅಲೆದು ಬರುತ್ತದೆ. ಆಮೇಲೆ ಮೊದಲಿನ ಧಾಟಿ ಇನ್ನೂ ಮೆಲ್ಲಗೆ ವಾಪಸ್ ಬರುತ್ತದೆ. ಆ ಮೆಲ್ಲನೆಯ ಜಾಗದಲ್ಲಿ ಒಂದು ಸ್ವರ ಹೇಗೆ ಹುಟ್ಟಿ ಉಬ್ಬಿ ಇಳಿಯುತ್ತದೆ ಅಂತ ಗಮನಿಸಿ. ಗಮಕ ಇಲ್ಲದ ಸ್ವರಕ್ಕೆ ಜೀವ ಬರುವುದು ಅಲ್ಲಿಂದ.

ವೀಣೆ ಕಲಿತವರು: ಕೇಳಿದೆ. ಉಬ್ಬುವುದು ಬೇರೆ, ಗಮಕ ಬೇರೆ. ಆದರೂ ಆ ಮೆಲ್ಲನೆಯ ಜಾಗ ಚೆನ್ನಾಗಿದೆ, ಒಪ್ಪಿದೆ.

ಮಗಳ ಅಮ್ಮ (ಹುಬ್ಬಳ್ಳಿ): ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ರೀ. ಮಗಳಿಗೆ ಒಂಬತ್ತು ವರ್ಷ. ಕೀಬೋರ್ಡ್ ಕ್ಲಾಸಿಗೆ ಹೋಗುತ್ತಾಳೆ. ಗ್ರೇಡ್ ಪರೀಕ್ಷೆಗೆ ಈಗಲೇ ಕೂರಿಸಬೇಕಾ, ಇನ್ನೊಂದು ವರ್ಷ ಬಿಡಬೇಕಾ?

ಪಿಯಾನೊ ಟೀಚರ್: ಅವರು ಕೇಳಿದ್ದು ಕೇಳುವುದರ ಬಗ್ಗೆ ಮೇಡಂ. ಪರೀಕ್ಷೆಯ ವಿಷಯ ಅವಳ ಟೀಚರ್ ಹತ್ತಿರವೇ ಮಾತಾಡಿ. ಆದರೆ ಮನೆಯಲ್ಲಿ ಕೀಬೋರ್ಡ್ ಇದ್ದರೆ ಒಂದು ಕೆಲಸ ಮಾಡಿ. ಆ ಪ್ರೆಲ್ಯೂಡ್ ಹಾಕಿ, ಅವಳು ಕೆಳಗಿನ ಸ್ವರ ಒಂದನ್ನೇ ಜೊತೆಗೆ ಒತ್ತಲಿ: ಸಿ, ಸಿ, ಬಿ, ಸಿ. ಆವರ್ತಕ್ಕೆ ಒಂದು ಸಲ. ಪಿಯಾನೊ ರೆಕಾರ್ಡಿಂಗೇ ಇರಲಿ. ಹಳೆಯ ಕಾಲದ ಹಾರ್ಪ್ಸಿಕಾರ್ಡ್‌ನಲ್ಲಿ ನುಡಿಸಿದ್ದು ಎಷ್ಟೋ ಸಲ ಅರ್ಧ ಸ್ವರ ಕೆಳಗಿರುತ್ತದೆ, ಕೀಬೋರ್ಡಿಗೆ ಹೊಂದುವುದಿಲ್ಲ.

ಅಡಿಕೆ ತೋಟದವರು (ತೀರ್ಥಹಳ್ಳಿ): ಪಾಠ ಜಾಸ್ತಿಯಾಯಿತು ಅನಿಸುತ್ತದೆ. ನನಗೆ ಇದು ಹತ್ತಿದ್ದು ವಿವಾಲ್ಡಿಯಿಂದ. ನಾಲ್ಕು ಋತುಗಳು, 1725ರಲ್ಲಿ ಅಚ್ಚಾದದ್ದು. ಅದರಲ್ಲಿ ಚಳಿಗಾಲದ ನಡುವಿನ ಭಾಗ ಸುಮಾರು ಎರಡೇ ನಿಮಿಷ. ಹೊರಗೆ ಮಳೆ, ಒಳಗೆ ಬೆಂಕಿಯ ಹತ್ತಿರ ಸುಮ್ನೆ ಕೂತಿರುವುದು, ಹಾಗಂತ ಅದರ ಜೊತೆ ಅಚ್ಚಾದ ಪದ್ಯದಲ್ಲೇ ಇದೆ. ಕೆಳಗೆ ಪಿಟೀಲುಗಳ ತಂತಿಯನ್ನು ಬೆರಳಿಂದ ಮೀಟುತ್ತಾರೆ, ಅದು ಹನಿ. ಮೇಲೆ ಒಂದೇ ಪಿಟೀಲು ಹಾಡುತ್ತದೆ. ಜುಲೈನಲ್ಲಿ ಹಂಚಿನ ಸೂರಿನಿಂದ ನೀರು ತೊಟ್ಟಿಕ್ಕುವಾಗ ಕೇಳಿದೆ, ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಕೆಲವರು ಇದನ್ನು ತುಂಬಾ ಓಡಿಸುತ್ತಾರೆ, ಆಗ ಬೆಂಕಿ ಕಾಯಿಸುವ ನೆಮ್ಮದಿ ಇರುವುದಿಲ್ಲ. ನಿಧಾನದ್ದು ಹುಡುಕಿ.

ನಿವೃತ್ತ ಮೇಷ್ಟ್ರು (ಮೈಸೂರು): ನಮ್ಮ ಜಯಚಾಮರಾಜ ಒಡೆಯರ್ ಅವರನ್ನು ಯಾರೂ ನೆನೆಯಲಿಲ್ಲವಲ್ಲ! ಲಂಡನ್ನಿನಲ್ಲಿದ್ದ ರಷ್ಯದ ಮೆಟ್ನರ್ ಮುಪ್ಪಿನಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರು ಅವರೇ. ಮೂರನೇ ಪಿಯಾನೊ ಕಂಚೆರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾನೆ. ಕನ್ನಡಿಗರು ಅಲ್ಲಿಂದ ಶುರು ಮಾಡುವುದೇ ಚೆಂದ.

ಪಿಯಾನೊ ಟೀಚರ್: ಮೇಷ್ಟ್ರೇ, ಮಹಾರಾಜರ ಕಿವಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಮೆಟ್ನರ್ ದಟ್ಟ ಕಾಡು. ಆ ಕಂಚೆರ್ಟೊ ಅರ್ಧ ಗಂಟೆಗೂ ಜಾಸ್ತಿ. ಮೇಡಂ ಈಗ ಅಲ್ಲಿಗೆ ಹೋದರೆ ಸಿಂಫನಿಯಲ್ಲಿ ಆದದ್ದೇ ಮತ್ತೆ ಆಗುತ್ತದೆ. ಒಂದು ವರ್ಷ ಬಿಟ್ಟು ಖಂಡಿತ. ತೀರ್ಥಹಳ್ಳಿಯವರ ವಿವಾಲ್ಡಿಯನ್ನು ಮಾತ್ರ ಬಾಖ್ ಮತ್ತು ಮೊಜಾರ್ಟ್ ನಡುವೆ ಸೇರಿಸಿಕೊಳ್ಳಿ, ನನಗೇ ಹೊಳೆಯಬೇಕಿತ್ತು.

ಐಟಿ ಕೆಲಸ (ವೈಟ್‌ಫೀಲ್ಡ್): ಸಿಂಫನಿಗೆ ಯಾವಾಗ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ನಾನು ಬೀಥೋವನ್ನನ ಏಳನೆಯದರ ಎರಡನೇ ಭಾಗ ಹಿಡಿದೆ, Op. 92, ಅಲೆಗ್ರೆಟ್ಟೊ. ಎಂಟೊಂಬತ್ತು ನಿಮಿಷ. ಬಸ್ಸಿನಲ್ಲಿ ಕೇಳಲು ಹೋಗಿ ಎರಡು ತಿಂಗಳು ಕಳೆದುಕೊಂಡೆ. ಶುರುವಿನಲ್ಲಿ ಹಲವು ಸ್ವರ ಒಟ್ಟಿಗೆ ಹಿಡಿದ ಒಂದು ಉದ್ದನೆಯ ಕಾರ್ಡ್, ಆಮೇಲೆ ಏನೂ ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಮೂರನೇ ನಿಮಿಷದ ಹೊತ್ತಿಗೆ ಕಿವಿ ಹರಿದುಹೋಗುತ್ತದೆ. ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಕೇಳಿದಾಗಲೇ ಗೊತ್ತಾಯಿತು, ಆ ಮೆಲ್ಲಗಿನ ಜಾಗದಲ್ಲೇ ಎಲ್ಲ ಶುರುವಾಗಿರುತ್ತದೆ.

ಪಿಯಾನೊ ಟೀಚರ್: ಒಳ್ಳೆಯ ಆಯ್ಕೆ. ಮೂರನೇ ಹೆಜ್ಜೆಗೆ ನಾನು ಕೊಡುವುದೂ ಅದನ್ನೇ. ಮೇಡಂ, ಇದರ ನಡೆ ಹೀಗೆ: ಒಂದು ಉದ್ದ, ಎರಡು ಗಿಡ್ಡ, ಎರಡು ಉದ್ದ. ತೊಡೆಯ ಮೇಲೆ ತಟ್ಟಿಕೊಳ್ಳಿ. ಮೊದಲು ಆ ನಡೆಯನ್ನು ಕೆಳಗಿನ ತಂತಿವಾದ್ಯಗಳು ಮಾತ್ರ ನುಡಿಸುತ್ತವೆ. ಎರಡನೇ ಸಲ ಅದು ಎರಡನೇ ಪಿಟೀಲುಗಳಿಗೆ ಹೋಗುತ್ತದೆ, ಕೆಳಗಿನವು ಹೊಸದೊಂದು ಹಾಡು ಹಿಡಿಯುತ್ತವೆ. ಮೂರನೇ ಸಲ ಎರಡೂ ಒಂದೊಂದು ಅಂತಸ್ತು ಮೇಲೇರುತ್ತವೆ. ನಾಲ್ಕನೆಯದಕ್ಕೆ ಎಲ್ಲರೂ. ಪ್ರತಿ ಸಲವೂ ಆ ಹೊಸ ಹಾಡು ಎಲ್ಲಿದೆ ಅಂತ ಹುಡುಕಿ. ತಟ್ಟುವ ನಡೆ ನಿಮ್ಮ ಕೈಯಲ್ಲೇ ಇರುತ್ತದಾದ್ದರಿಂದ ದಾರಿ ತಪ್ಪುವುದಿಲ್ಲ. ಕೊನೆಗೆ ಶುರುವಿನ ಅದೇ ಕಾರ್ಡ್ ವಾಪಸ್ ಬರುತ್ತದೆ.

ಮುಂಬೈ ಕನ್ನಡಿಗ: ಒಂದೊಂದೇ ಭಾಗ ಕಿತ್ತು ಕೇಳುವುದು ನನಗೆ ಒಪ್ಪಿಗೆಯಿಲ್ಲ. ಎನ್‌ಸಿಪಿಎ ಸಭಾಂಗಣದಲ್ಲಿ ಆ ಸಿಂಫನಿಯನ್ನು ಪೂರ್ತಿ ಕೇಳಿದ್ದೇನೆ. ಮೊದಲ ಭಾಗದ ಗದ್ದಲ ಮುಗಿದು, ಆ ಕಾರ್ಡ್ ಬಂದಾಗ ಸಭೆಯೇ ಉಸಿರು ಹಿಡಿಯುತ್ತದೆ. ಬರೇ ಅದನ್ನೇ ಹಾಕಿಕೊಂಡರೆ ಆ ಅನುಭವ ಸಿಗುವುದಿಲ್ಲ.

ಐಟಿ ಕೆಲಸ: 1813ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದಾಗ ಜನ ಆ ಒಂದು ಭಾಗವನ್ನೇ ಮತ್ತೆ ನುಡಿಸಿ ಅಂದಿದ್ದರು. ಅವರಿಗೆ ತಪ್ಪಲ್ಲದ್ದು ನಮಗೆ ಯಾಕೆ ತಪ್ಪು?

ಮುಂಬೈ ಕನ್ನಡಿಗ: ಅವರು ಮೊದಲ ಭಾಗ ಕೇಳಿದ ಮೇಲೆ ಕೇಳಿದ್ದಲ್ವಾ.

ಕೇಳಿದವರು (ಹನ್ನೆರಡು ದಿನದ ಮೇಲೆ): ಎಲ್ಲರಿಗೂ ವಂದನೆ. ಪ್ರೆಲ್ಯೂಡನ್ನು ದಿನಕ್ಕೆರಡು ಸಲ ಕೇಳಿದೆ. ಮೊದಲ ಮೂರು ದಿನ ಕೆಳಗಿನ ಸ್ವರ ಸಿಗಲೇ ಇಲ್ಲ, ಮಗನ ಹೆಡ್‌ಫೋನ್ ಹಾಕಿಕೊಂಡ ಮೇಲೆ ಸಿಕ್ಕಿತು. ಪಂಚಮದ ಜಾಗಕ್ಕೆ ಮುಂಚೆ ಒಂದು ಕಡೆ ಕೆಳಗಿನ ಸ್ವರ ಏನೋ ವಿಚಿತ್ರವಾಗಿ ಹೋಗುತ್ತದೆ, ಶುದ್ಧ ಧೈವತದ ಹಾಗೆ. ನನ್ನ ಕಿವಿ ಸರಿಯಾ? ನಿನ್ನೆ ಟೀಚರ್ ಹೇಳಿದ ಕಡೆ ನಿಲ್ಲಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ನಮ್ಮ ಅತ್ತೆ ಷಡ್ಜ ಹಿಡಿದರು.

ಪಿಯಾನೊ ಟೀಚರ್: ಕಿವಿ ಸರಿಯಾಗಿದೆ ಮೇಡಂ. 23ನೇ ಆವರ್ತ, ಶುದ್ಧ ಧೈವತವೇ. ಅದಕ್ಕೆ ಮೊದಲಿನದು ಪ್ರತಿ ಮಧ್ಯಮ. ಪಂಚಮದ ಕೆಳಗೊಂದು, ಮೇಲೊಂದು ಮುಟ್ಟಿಯೇ ಅದು ಪಂಚಮದಲ್ಲಿ ಕೂರುತ್ತದೆ. ಅತ್ತೆಯವರನ್ನೂ ಜೊತೆಗೆ ಕೂರಿಸಿಕೊಂಡು ವಿವಾಲ್ಡಿಗೆ ಹೋಗಿ.