ಕೂಸಿನ ಕೆನ್ನೆ ಮೇಲಿನ ಗುಳ್ಳೆ: ಎಕ್ಸಿಮಾನಾ, ಬೆವರುಸಾಲೆನಾ, ಕಜ್ಜಿನಾ?

ಕೇಳಿದವರು (ಇಳಕಲ್, ಐದು ತಿಂಗಳ ಗಂಡುಕೂಸಿನ ತಾಯಿ):
ಡಾಕ್ಟ್ರೇ, ಮೂರನೇ ತಿಂಗಳಿಂದ ಕೂಸಿನ ಎರಡೂ ಕೆನ್ನೆ ಒರಟಾಗಿವೆ. ಒಮ್ಮೊಮ್ಮೆ ನೀರು ಸೋರಿ ಹಕ್ಕಳೆ ಕಟ್ಟುತ್ತದೆ. ಮೊಣಕಾಲಿನ ಕೆಳಗೆ ಮುಂದಿನ ಭಾಗದಲ್ಲೂ ಹಾಗೇ ಇದೆ. ಬಿಸಿಲು ಶುರುವಾದ ಮೇಲೆ ಕುತ್ತಿಗೆಯ ಮಡಿಕೆಯಲ್ಲಿ ಸಣ್ಣ ಗುಳ್ಳೆ ಎದ್ದಿವೆ. ಅತ್ತೆ ಎಲ್ಲವೂ ಬೆವರುಸಾಲೆ ಅಂತಾರೆ, ಪಕ್ಕದ ಮನೆಯವರು ಕಜ್ಜಿ ಅಂತಾರೆ. ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ಮಾಯ, ಬಿಟ್ಟರೆ ಮತ್ತೆ ಜಾಸ್ತಿ. ಇದು ಏನು?

ಚರ್ಮವೈದ್ಯೆ (ವಿಜಯಪುರ):
ಫೋಟೋ ಇಲ್ಲದೆ, ಕೂಸನ್ನು ಮುಟ್ಟಿ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಹೇಳಿದ ಜಾಗಗಳೇ ಅರ್ಧ ಉತ್ತರ ಕೊಡುತ್ತವೆ. ಈ ವಯಸ್ಸಿನಲ್ಲಿ ಎಕ್ಸಿಮಾ ಹೆಚ್ಚಾಗಿ ಕೆನ್ನೆ, ಹಣೆ, ನೆತ್ತಿ, ಕೈಕಾಲುಗಳ ಹೊರಭಾಗದಲ್ಲಿ ಬರುತ್ತದೆ. ಮೂಗು ಮತ್ತು ಅದರ ಸುತ್ತಲಿನ ಜಾಗ ಸಾಮಾನ್ಯವಾಗಿ ನುಣುಪಾಗಿಯೇ ಉಳಿಯುತ್ತದೆ. ಡೈಪರ್ ಕಟ್ಟುವ ಜಾಗವೂ ಹಾಗೆಯೇ, ಏಕೆಂದರೆ ಅಲ್ಲಿ ಯಾವಾಗಲೂ ತೇವ ಇರುತ್ತದೆ. ಎಕ್ಸಿಮಾ ಒಣಗಿದ ಚರ್ಮದ ಕಾಯಿಲೆ. ಮೊಣಕೈ, ಮೊಣಕಾಲಿನ ಒಳಮಡಿಕೆಗೆ ಅದು ಹೋಗುವುದು ಹೆಚ್ಚಾಗಿ ಮಗು ದೊಡ್ಡದಾದ ಮೇಲೆ.

ಇನ್ನೊಂದು ಮಾತು. ಫೋಟೋಗಳಲ್ಲಿ ಎಕ್ಸಿಮಾ ಕೆಂಪಗೆ ಕಾಣುತ್ತದೆ. ನಮ್ಮ ಕಡೆಯ ಮಕ್ಕಳ ಚರ್ಮದಲ್ಲಿ ಅದು ಕಂದು ಅಥವಾ ಬೂದು ಬಣ್ಣದ ಒರಟು ಕಲೆಯಂತೆ ಕಾಣಬಹುದು. ಕೆಂಪು ಇಲ್ಲ ಎಂದು ಬಿಟ್ಟುಬಿಡಬೇಡಿ, ಬೆರಳಿನಿಂದ ಸವರಿ ನೋಡಿ.

ಕುತ್ತಿಗೆಯದು ಬೇರೆ ವಿಷಯ ಅನ್ನಿಸುತ್ತದೆ. ಬೆವರಿನ ನಾಳ ಮುಚ್ಚಿಕೊಂಡು ಎದ್ದ ಗುಳ್ಳೆ ಕುತ್ತಿಗೆಯ ಮಡಿಕೆ, ಬೆನ್ನು, ಕುಂಚಿಗೆ ಕಟ್ಟಿದ ಹಣೆಯಲ್ಲಿ ಬರುತ್ತದೆ. ಗಾಳಿ ಆಡಲು ಬಿಟ್ಟು, ತೆಳು ಹತ್ತಿ ಬಟ್ಟೆ ಹಾಕಿದರೆ ಕೆಲವೇ ದಿನದಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಕೆನ್ನೆಯಲ್ಲೇ ಕೂತು ನೀರು ಸೋರುವುದು ಬೆವರುಸಾಲೆಯ ಗುಣವಲ್ಲ. ಅಂದರೆ ಅತ್ತೆಯವರ ಮಾತು ಕುತ್ತಿಗೆಯ ಮಟ್ಟಿಗೆ ಸರಿ, ಕೆನ್ನೆಗೆ ಅಲ್ಲ.

ಈಗ ಮೂರು ಪ್ರಶ್ನೆ. ಅಂಗೈ, ಅಂಗಾಲಲ್ಲಿ ಗುಳ್ಳೆ ಇದೆಯಾ? ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ? ಟ್ಯೂಬಿನ ಮೇಲೆ ಯಾವ ಔಷಧಿಯ ಹೆಸರು ಇದೆ?

ಒಬ್ಬರು (ಬೆಳಗಾವಿ, ಔಷಧಿ ಅಂಗಡಿ):
ಕಜ್ಜಿ ಮುಖಕ್ಕೆ ಬರುವುದೇ ಇಲ್ಲ. ಮುಖದಲ್ಲಿ ಇದ್ದರೆ ಕಜ್ಜಿ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು, ಸುಮ್ನೆ ಹೆದರಬೇಡಿ ಅಕ್ಕಾ.

ಚರ್ಮವೈದ್ಯೆ:
ದೊಡ್ಡವರಲ್ಲಿ ನಿಮ್ಮ ಮಾತು ಬಹುಮಟ್ಟಿಗೆ ಸರಿ ಅಣ್ಣಾ. ಅವರಿಗೆ ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಬರುತ್ತದೆ, ಮುಖ ಬಿಟ್ಟುಬಿಡುತ್ತದೆ. ಹಸುಗೂಸಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನೆತ್ತಿ, ಮುಖಕ್ಕೂ ಬರಬಹುದು. ಹಸುಗೂಸಿನ ಕಜ್ಜಿಗೆ ನಾನು ಮೊದಲು ನೋಡುವುದು ಅಂಗಾಲು. ಅಲ್ಲಿ ನೀರುಗುಳ್ಳೆ, ಕೀವುಗುಳ್ಳೆ ಇದ್ದರೆ ನನ್ನ ಅನುಮಾನ ಕಜ್ಜಿಯ ಕಡೆ ತಿರುಗುತ್ತದೆ.

ಇನ್ನೊಬ್ಬ ತಾಯಿ (ಜಮಖಂಡಿ):
ನನ್ನ ಮಗಳಿಗೆ ನಾಲ್ಕು ವರ್ಷ, ಮೊಣಕೈ ಮಡಿಕೆಯಲ್ಲಿ ಇದೇ ಕಾಟ. ನಾನು ಮೊಟ್ಟೆ, ಶೇಂಗಾ, ಹಾಲು ಎಲ್ಲ ಬಿಡಿಸಿದ್ದೇನೆ. ನೀವೂ ಎದೆಹಾಲು ಕೊಡುತ್ತಿದ್ದರೆ ಮೊದಲು ಮೊಟ್ಟೆ ಬಿಡಿ ತಂಗಿ.

ಚರ್ಮವೈದ್ಯೆ:
ಅವರು ಊಟದ ಬಗ್ಗೆ ಕೇಳಿಲ್ಲ ಅಕ್ಕಾ, ಆದರೂ ಹೇಳುತ್ತೇನೆ. ಏನಾದರೂ ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು ಎದ್ದು, ತುಟಿ ಬಾತು, ವಾಂತಿ ಆದರೆ ಆ ಆಹಾರದ ಅನುಮಾನ ಬೇರೆ. ಹಾಗೇನೂ ಇಲ್ಲದೆ ಬೆಳೆಯುವ ಮಗುವಿಗೆ ಮೂರೂ ಬಿಡಿಸಿದರೆ ಚರ್ಮಕ್ಕಿಂತ ತೂಕಕ್ಕೆ ಪೆಟ್ಟು. ನಿಮ್ಮ ಮಗಳನ್ನು ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಕೇಳಿದವರು:
ಅಂಗೈ, ಅಂಗಾಲು ಸ್ವಚ್ಛ ಇವೆ. ಕೂಸು ಎತ್ತಿಕೊಂಡಾಗ ನನ್ನ ಭುಜಕ್ಕೆ ಕೆನ್ನೆ ತಿಕ್ಕುತ್ತದೆ. ನಮ್ಮವರಿಗೆ ಚಿಕ್ಕಂದಿನಿಂದ ದಮ್ಮು ಇದೆ. ಟ್ಯೂಬಿನ ಮೇಲೆ ನಾಲ್ಕು ಹೆಸರು ಇವೆ, ಮೊದಲನೆಯದು ಕ್ಲೋಬೆಟಾಸಾಲ್. ಒಂದು ವಾರ ಹಚ್ಚಿದೆ. ಇನ್ನೊಂದು: ನಾದಿನಿಯ ಮಗ ಹಾಸ್ಟೆಲಿನಿಂದ ರಜೆಗೆ ಬಂದು ಹತ್ತು ದಿನ ಆಯಿತು. ರಾತ್ರಿಯಿಡೀ ಬೆರಳ ಸಂದು ಕೆರೆಯುತ್ತಾನೆ. ಕೂಸನ್ನು ಎತ್ತಿಕೊಂಡೇ ಇರುತ್ತಾನೆ.

ಚರ್ಮವೈದ್ಯೆ:
ಭುಜಕ್ಕೆ ಕೆನ್ನೆ ತಿಕ್ಕುವುದೇ ಈ ವಯಸ್ಸಿನ ಕೆರೆತ. ಕೈಯಿಂದ ಕೆರೆದುಕೊಳ್ಳಲು ಬಾರದ ಕೂಸು ಹೀಗೇ ಮಾಡುತ್ತದೆ. ತಂದೆಗೆ ದಮ್ಮು, ಮೂರನೇ ತಿಂಗಳಿಗೆ ಶುರು, ಕೆನ್ನೆ ಮತ್ತು ಕಾಲಿನ ಮುಂಭಾಗ, ಅಂಗಾಲು ಸ್ವಚ್ಛ. ಇವೆಲ್ಲ ಸೇರಿದರೆ ಕೆನ್ನೆಯದು ಎಕ್ಸಿಮಾ ಅನ್ನುವುದೇ ಹೆಚ್ಚು ಹೊಂದುತ್ತದೆ.

ಆ ಟ್ಯೂಬ್ ಇವತ್ತೇ ನಿಲ್ಲಿಸಿ. ಕ್ಲೋಬೆಟಾಸಾಲ್ ಅತಿ ಬಲವಾದ ಸ್ಟೀರಾಯ್ಡ್, ಹಸುಗೂಸಿನ ಕೆನ್ನೆಗೆ ಹಚ್ಚುವಂಥದ್ದಲ್ಲ. ಚರ್ಮ ತೆಳುವಾಗುತ್ತದೆ, ಬಿಟ್ಟಾಗ ಮತ್ತೆ ಉಕ್ಕುತ್ತದೆ. ಕಜ್ಜಿ ಇದ್ದರೆ ಅದರ ಗುರುತನ್ನೂ ಮರೆಮಾಚುತ್ತದೆ. ಮುಖಕ್ಕೆ ಬೇಕಾದರೆ ಒಂದು ಪರ್ಸೆಂಟಿನ ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯ ಮುಲಾಮನ್ನು ಡಾಕ್ಟರ್ ನೋಡಿ ಕೆಲವು ದಿನಕ್ಕೆ ಬರೆದುಕೊಡುತ್ತಾರೆ.

ನಿತ್ಯದ ಕೆಲಸ ಇಷ್ಟು. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ ಸಾಕು. ಎರೆಯುವಾಗ ಕಡಲೆ ಹಿಟ್ಟು ತಿಕ್ಕಬೇಡಿ. ಒತ್ತಿ ಒರೆಸಿ, ಮೈ ತುಸು ಹಸಿ ಇರುವಾಗಲೇ ವಾಸನೆ ಇಲ್ಲದ ದಪ್ಪ ಮಾಯಿಶ್ಚರೈಸರ್ ಮೈತುಂಬ ಹಚ್ಚಿ, ದಿನಕ್ಕೆ ಎರಡು ಸಲ. ಕುತ್ತಿಗೆಯ ಮಡಿಕೆ ಮಾತ್ರ ಬಿಟ್ಟುಬಿಡಿ. ಅಲ್ಲಿ ಜಿಡ್ಡು ಕೂತರೆ ಬೆವರುಸಾಲೆ ಜಾಸ್ತಿ ಆಗುತ್ತದೆ. ಹಚ್ಚುವ ಪ್ರಮಾಣ ಕೇಳಿದರೆ ಬೆಚ್ಚಿಬೀಳುತ್ತೀರಿ: ಮೈತುಂಬ ಹಚ್ಚಿದರೆ ವಾರಕ್ಕೆ ಸುಮಾರು ನೂರು ಗ್ರಾಂ ಹೋಗುತ್ತದೆ. ಚಿಕ್ಕ ಟ್ಯೂಬ್ ತಿಂಗಳು ಬಂದರೆ ಹಚ್ಚಿದ್ದು ಸಾಲದು ಅಂತ ಅರ್ಥ.

ಒಬ್ಬ ಅಜ್ಜಿ (ಬಾದಾಮಿ, ಮೊಮ್ಮಗಳ ಫೋನಿನಿಂದ):
ಬೇವಿನ ಸೊಪ್ಪಿನ ನೀರು, ಸಾಸಿವೆ ಎಣ್ಣೆ ಹಚ್ಚಿರವ್ವಾ. ಎಂಟು ಮಕ್ಕಳನ್ನ ಹಿಂಗೇ ಬೆಳೆಸೀನಿ.

ಚರ್ಮವೈದ್ಯೆ:
ಅಜ್ಜೀ, ಚರ್ಮ ಗಟ್ಟಿ ಇದ್ದ ಮಕ್ಕಳಿಗೆ ನಡೆದಿರಬಹುದು. ಬಿರುಕು ಬಿಟ್ಟ ಚರ್ಮಕ್ಕೆ ಸಾಸಿವೆ ಎಣ್ಣೆ ಉರಿ ಹತ್ತಿಸುತ್ತದೆ. ಎಣ್ಣೆಯೇ ಬೇಕೆಂದರೆ ಕೊಬ್ಬರಿ ಎಣ್ಣೆ ಪರವಾಗಿಲ್ಲ.

ತಂಗಿ, ಈಗ ಆ ಹುಡುಗನ ವಿಷಯ. ನಾಳೆಯೇ ಅವನನ್ನು ಡಾಕ್ಟರಿಗೆ ತೋರಿಸಿ. ರಾತ್ರಿಯ ಕೆರೆತ, ಬೆರಳ ಸಂದು, ಹಾಸ್ಟೆಲ್ ಅಂದರೆ ಕಜ್ಜಿಯ ಅನುಮಾನ ಬಲವಾಗಿದೆ. ಮೊದಲ ಸಲ ಕಜ್ಜಿಯ ಹುಳು ಹತ್ತಿದ ಮೇಲೆ ತುರಿಕೆ ಶುರುವಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ. ಹತ್ತು ದಿನಕ್ಕೇ ಕೂಸಿನ ಅಂಗಾಲು ಸ್ವಚ್ಛ ಇದೆ ಎಂದು ನಿಶ್ಚಿಂತೆಯಾಗುವಂತಿಲ್ಲ. ಕೆನ್ನೆಯ ಎಕ್ಸಿಮಾದ ಜೊತೆಗೆ ಕಜ್ಜಿಯೂ ಸೇರಬಹುದು.

ಕೇಳಿದವರು:
ಹಾಗಾದರೆ ಈಗಲೇ ಕೂಸಿಗೂ ಕಜ್ಜಿ ಔಷಧಿ ಹಚ್ಚಲಾ?

ಚರ್ಮವೈದ್ಯೆ:
ಹುಡುಗನದು ಕಜ್ಜಿ ಎಂದು ಖಚಿತವಾಗುವ ತನಕ ಬೇಡ. ಖಚಿತವಾದರೆ ತುರಿಕೆ ಇದ್ದವರು, ಇಲ್ಲದವರು ಎನ್ನದೆ ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಒಬ್ಬರನ್ನು ಬಿಟ್ಟರೂ ಹುಳು ಮತ್ತೆ ಸುತ್ತಿ ಬರುತ್ತದೆ. ಐದು ಪರ್ಸೆಂಟಿನ ಪರ್ಮೆಥ್ರಿನ್ ಎರಡು ತಿಂಗಳು ದಾಟಿದ ಕೂಸಿಗೆ ಕೊಡಬಹುದಾದ ಔಷಧಿ, ಆದರೆ ಡಾಕ್ಟರ್ ಹೇಳಿದಂತೆಯೇ. ಕೂಸಿಗೆ ಕಣ್ಣು, ಬಾಯಿ ಬಿಟ್ಟು ನೆತ್ತಿಯಿಂದ ಅಂಗಾಲವರೆಗೆ ಹಚ್ಚಬೇಕು. ಕೈ ಚೀಪದಂತೆ ಕೈಗಳಿಗೆ ಕಾಲುಚೀಲ ತೊಡಿಸಬೇಕು. ವಾರದ ನಂತರ ಮತ್ತೊಮ್ಮೆ. ಅಲ್ಲಿಯ ತನಕ ಹುಡುಗ ಕೂಸನ್ನು ಎತ್ತಿಕೊಳ್ಳುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು ಬೇಡ.

ಕೆನ್ನೆಯ ಮೇಲೆ ಜೇನಿನ ಬಣ್ಣದ ಹಕ್ಕಳೆ ಹೆಚ್ಚಾದರೆ, ಅಥವಾ ಮೊಳೆ ಹೊಡೆದಂಥ ಸಣ್ಣ ಗುಂಡು ಹುಣ್ಣು ಎದ್ದು ಜ್ವರ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಕೇಳಿದವರು:
ಆಯ್ತು ಡಾಕ್ಟ್ರೇ. ನಾದಿನಿಗೆ ಹೇಳುವುದೇ ಕಷ್ಟ, ಮಗನಿಗೆ ಕಜ್ಜಿ ಅಂದರೆ ಸಿಟ್ಟಾಗುತ್ತಾಳೆ. ಆದರೂ ನಾಳೆ ಅವನನ್ನು ಕರೆದುಕೊಂಡು ಹೋಗಿ ಬಂದು ಬರೆಯುತ್ತೇನೆ.