‘ಮೊದಲನೆಯದು ಫ್ರೀ, ಮುಂದಿನದೆಲ್ಲ ನಿಮಗೇ’ ಅನ್ನುವ ಕ್ಲೈಂಟ್‌ಗೆ ಏನಂತ ಉತ್ತರ ಬರೆಯಬೇಕು?

ಪ್ರಶ್ನೆ (ಇಲಸ್ಟ್ರೇಟರ್): ಆಟಿಕೆ ಮಾಡುವ ಹೊಸ ಕಂಪನಿಯೊಂದು ಡಬ್ಬದ ಮೇಲಿನ ಚಿತ್ರಗಳಿಗೆ ನನ್ನನ್ನು ಕೇಳಿದೆ. ಒಂದು ಆಟಿಕೆಗೆ ಒಂದು ಸೆಟ್. ‘ಮೊದಲ ಸೆಟ್‌ಗೆ ಬಜೆಟ್ ಇಲ್ಲ, ಆದ್ರೆ ಡಬ್ಬದ ಮೇಲೆ ನಿಮ್ಮ ಹೆಸರು ಹಾಕ್ತೀವಿ, ನಮ್ಮ ಪೇಜಲ್ಲಿ ಟ್ಯಾಗ್ ಮಾಡ್ತೀವಿ. ಇನ್ನೂ ನಾಲ್ಕು ಆಟಿಕೆ ಬರ್ತಿವೆ, ಅವೆಲ್ಲ ನಿಮಗೇ’ ಅಂತಾರೆ. ನೇರವಾಗಿ ಆಗಲ್ಲ ಅಂದ್ರೆ ಆ ನಾಲ್ಕೂ ಕೈಬಿಟ್ಟು ಹೋಗುತ್ತವೆ ಅಂತ ಭಯ. ಏನು ಬರೆಯಲಿ?

ವಿಡಿಯೊ ಎಡಿಟರ್: ‘ಮುಂದಿನ ನಾಲ್ಕು ಕೆಲಸ ನನಗೇ ಕೊಡಬೇಕು’ ಅಂತ ಒಂದು ಅಗ್ರಿಮೆಂಟ್ ಬರೆಸಿ, ಸಹಿ ಹಾಕಿಸಿಕೊಳ್ಳಿ. ಆಮೇಲೆ ಮೊದಲನೆಯದನ್ನು ಫ್ರೀ ಮಾಡಿಕೊಟ್ಟರೂ ತೊಂದರೆ ಇಲ್ಲ.

ಅನುವಾದಕಿ: ನನಗೂ ಇದೇ ಗೋಳು. ಕೆಲಸ ಒಪ್ಪಿಸಿ ಆಗಿದೆ, ಬಿಲ್ಲೂ ಕಳಿಸಿದ್ದೇನೆ, ‘ಮುಂದಿನ ಕೆಲಸದ ಜೊತೆ ಸೇರಿಸಿ ಕೊಡ್ತೀವಿ’ ಅಂತ ಎಳೆಯುತ್ತಿದ್ದಾರೆ. ಏನ್ ಮಾಡೋದು?

ಹಿರಿಯ ಡಿಸೈನರ್: ಮೇಡಂ, ನಿಮ್ಮದು ಬೇರೆ ವಿಷಯ. ಅದು ಬಾಕಿ ವಸೂಲಿ. ಹಳೇ ಬಿಲ್ ತೀರುವ ತನಕ ಹೊಸ ಕೆಲಸ ಮುಟ್ಟಬೇಡಿ, ಉಳಿದದ್ದನ್ನು ಬೇರೆಯಾಗಿ ಮಾತಾಡೋಣ.

ಇನ್ನು ಪ್ರಶ್ನೆ ಕೇಳಿದವರಿಗೆ. ಆಗಲ್ಲ ಅನ್ನಬೇಡಿ, ಆಯ್ತು ಅಂತಲೂ ಅನ್ನಬೇಡಿ. ಅವರ ಮಾತನ್ನು ಪೂರ್ತಿ ನಂಬಿದವರ ಹಾಗೆ ಐದೂ ಸೆಟ್‌ಗೆ ಸೇರಿಸಿ ಒಂದು ದರಪಟ್ಟಿ ಕಳಿಸಿ.

ಒಂದು ಸೆಟ್‌ಗೆ ನಿಮ್ಮ ದರ 100 ಅಂತಿಟ್ಟುಕೊಳ್ಳಿ. ಅವರು ಹೇಳುವ ಪ್ರಕಾರ ಮೊದಲನೆಯದು 0, ಉಳಿದ ನಾಲ್ಕು ತಲಾ 100. ಒಟ್ಟು 400. ನೀವು ಅದೇ 400 ಅನ್ನು ಬೇರೆ ಥರ ಹಂಚಿ: ಮೊದಲನೆಯದು 100, ಎರಡನೆಯದು 100, ಮೂರನೆಯದು 80, ನಾಲ್ಕನೆಯದು 70, ಐದನೆಯದು 50. ಐದೂ ಸೆಟ್ ಮಾಡಿಸಿದರೆ ಅವರಿಗೆ ಒಂದು ಪೈಸೆಯೂ ಹೆಚ್ಚಿಗೆ ಬೀಳುವುದಿಲ್ಲ. ಒಂದೇ ಸೆಟ್‌ಗೆ ನಿಂತರೆ, ನಿಮ್ಮ ಕೈಗೆ 0 ಬದಲು 100 ಬಂದಿರುತ್ತದೆ. ಮುಂದಿನ ಕೆಲಸ ನಿಜವಾಗಿಯೂ ಇರುವವರು ಇದಕ್ಕೆ ಸಿಟ್ಟಾಗಲು ಕಾರಣವೇ ಇಲ್ಲ, ಅಲ್ವಾ? ಸಿಟ್ಟಾದರೆ ಆ ನಾಲ್ಕು ಆಟಿಕೆಗಳ ಕಥೆ ಏನು ಅಂತ ನೀವೇ ಊಹಿಸಬಹುದು.

ಮೆಸೇಜ್ ಚಿಕ್ಕದಾಗಿರಲಿ. ಕಷ್ಟ ಸುಖ ಬರೆಯಬೇಡಿ, ‘ಕಲೆಗೂ ಬೆಲೆ ಇದೆ’ ಅನ್ನುವ ಭಾಷಣವೂ ಬೇಡ. ಹೀಗೆ ಬರೆಯಬಹುದು:

‘ನಮಸ್ಕಾರ. ಐದು ಆಟಿಕೆಗಳ ಯೋಜನೆ ಇದೆ ಎಂದಿರಿ, ಖುಷಿಯಾಯಿತು. ಐದಕ್ಕೂ ಸೇರಿಸಿ ದರಪಟ್ಟಿ ಕಳಿಸಿದ್ದೇನೆ. ಮೂರನೇ ಸೆಟ್‌ನಿಂದ ರಿಯಾಯಿತಿ ಶುರುವಾಗುತ್ತದೆ. ಒಟ್ಟು ನೀವು ಹೇಳಿದಷ್ಟೇ ಬರುತ್ತದೆ. ಪ್ರತಿ ಸೆಟ್‌ಗೂ ಅರ್ಧ ಅಡ್ವಾನ್ಸ್, ಉಳಿದರ್ಧ ಕೊನೆಯ ಫೈಲ್ ಕೊಡುವ ಮುಂಚೆ. ಎರಡನೇ ಆಟಿಕೆಯ ಕೆಲಸ ಸುಮಾರು ಯಾವಾಗ ಶುರು, ದರ ಒಪ್ಪುವವರು ಯಾರು ಎಂದು ತಿಳಿಸಿದರೆ ನನ್ನ ಸಮಯ ಹೊಂದಿಸಿಕೊಳ್ಳುತ್ತೇನೆ.’

ಆ ಕೊನೆಯ ಸಾಲನ್ನು ಬಿಡಬೇಡಿ. ಮುಂದೆ ಕೆಲಸ ಕೊಡುತ್ತೇವೆ ಅಂತ ಮಾತು ಕೊಡುವವರಿಗೆ ಎಷ್ಟೋ ಸಲ ದುಡ್ಡಿಗೆ ಸಹಿ ಹಾಕುವ ಅಧಿಕಾರ ಇರುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಆರು ತಿಂಗಳಲ್ಲಿ ಕೆಲಸ ಬಿಟ್ಟು ಹೋದರೆ ಅವರ ಮಾತೂ ಅವರ ಜೊತೆಗೇ ಹೋಗುತ್ತದೆ, ಅಷ್ಟೇ. ಹೊಸಬರು ಬಂದು ಹಳೇ ಬಿಲ್ ತೆಗೆದರೆ ಅಲ್ಲಿ 0 ಅಂತಿರುತ್ತದೆ. ಅವರ ಪಾಲಿಗೆ ಅದೇ ನಿಮ್ಮ ದರ.

ವಿಡಿಯೊ ಎಡಿಟರ್: ಅದಕ್ಕೇ ತಾನೇ ಸರ್ ನಾನು ಅಗ್ರಿಮೆಂಟ್ ಅಂದದ್ದು?

ಹಿರಿಯ ಡಿಸೈನರ್: ಬರವಣಿಗೆಯಲ್ಲಿರಬೇಕು ಅನ್ನುವುದು ಸರಿ. ಆದರೆ ‘ಮುಂದಿನ ಕೆಲಸ ಕೊಡುತ್ತೇವೆ’ ಅಂತ ಮಾತ್ರ ಬರೆದ ಕಾಗದ ಇಟ್ಟುಕೊಂಡು ಏನು ಕೇಳುತ್ತೀರಿ? ಯಾವ ಕೆಲಸ, ಯಾವ ತಾರೀಕು, ಎಷ್ಟು ದುಡ್ಡು, ಯಾವುದೂ ಅದರಲ್ಲಿಲ್ಲ. ಎರಡನೇ ಆಟಿಕೆ ಮಾರುಕಟ್ಟೆಗೇ ಬರಲಿಲ್ಲ ಅಂದರೆ ಮುಗಿಯಿತು. ಇಂತಿಷ್ಟು ಸೆಟ್, ಇಂಥ ದಿನದೊಳಗೆ, ಮಾಡಿಸದಿದ್ದರೆ ಮೊದಲ ಸೆಟ್‌ನ ಪೂರ್ತಿ ದರ ಕೊಡಬೇಕು ಅಂತ ಬರೆದರೆ ಅದಕ್ಕೆ ಸ್ವಲ್ಪ ತೂಕ. ಆದರೆ ಅದಕ್ಕೆ ಒಪ್ಪುವವರು ಈಗಲೇ ಅಡ್ವಾನ್ಸ್ ಕೊಡಲೂ ಒಪ್ಪುತ್ತಾರೆ.

ಇಲಸ್ಟ್ರೇಟರ್: ನಿಜವಾಗಿಯೂ ಈಗ ದುಡ್ಡು ಇಲ್ಲದಿದ್ದರೆ? ಪಾಪ, ಈಗಷ್ಟೇ ಶುರು ಮಾಡಿದವರು. ಹೆಸರು ಹಾಕುವುದರಿಂದ ಏನೂ ಉಪಯೋಗ ಇಲ್ವಾ?

ಹಿರಿಯ ಡಿಸೈನರ್: ಇರಬಹುದು. ಆಗ ದರ ಇಳಿಸಬೇಡಿ, ಕೆಲಸ ಇಳಿಸಿ. ಆರೂ ಮುಖದ ಬದಲು ಡಬ್ಬದ ಮುಂಭಾಗ ಮಾತ್ರ ಬರೆದುಕೊಡಿ. ಇಲ್ಲವೇ ಬಳಕೆಯ ಹಕ್ಕನ್ನು ಕಿರಿದು ಮಾಡಿ. ಮೊದಲ ಮುದ್ರಣಕ್ಕೆ ಮಾತ್ರ, ಡಬ್ಬದ ಮೇಲೆ ಮಾತ್ರ ಅಂತ ಬರೆದು ಅರ್ಧ ದರಕ್ಕೆ ಕೊಡಿ. ಎರಡನೇ ಮುದ್ರಣಕ್ಕೆ ಹೋದರೆ, ಅಥವಾ ಅದೇ ಚಿತ್ರವನ್ನು ಜಾಹೀರಾತಿಗೆ ಹಾಕಿದರೆ, ಉಳಿದರ್ಧ. ಆಟಿಕೆ ಓಡಿದರೆ ಅವರ ಹತ್ತಿರ ದುಡ್ಡು ಇರುತ್ತದೆ, ಓಡದಿದ್ದರೆ ಅವರಿಗೂ ಹೊರೆ ಇಲ್ಲ. ಆದರೆ ಎಲ್ಲ ಹಕ್ಕೂ ಅವರದೇ ಅನ್ನುವ ಕಾಗದಕ್ಕೆ ಸಹಿ ಹಾಕಿಬಿಟ್ಟರೆ ಈ ದಾರಿ ಮುಚ್ಚಿಹೋಗುತ್ತದೆ. ಓದಿ ನೋಡಿ.

ಹೆಸರಿನ ವಿಷಯ. ಡಬ್ಬದ ಮೇಲೆ ಹೆಸರು ಬರಲಿ, ಖಂಡಿತ ಕೇಳಿ. ಆದರೆ ಅದನ್ನು ದುಡ್ಡಿನ ಬದಲು ಅಲ್ಲ, ದುಡ್ಡಿನ ಜೊತೆ ಕೇಳಿ. ಡಬ್ಬದ ಯಾವ ಮೂಲೆ, ಎಷ್ಟು ದೊಡ್ಡ ಅಕ್ಷರ ಅಂತಲೂ ಬರೆಸಿ. ಇನ್ನು ಆ ಪೇಜ್ ನೋಡುವವರು ಯಾರು? ಮಕ್ಕಳಿಗೆ ಆಟಿಕೆ ಕೊಳ್ಳುವ ಅಪ್ಪ ಅಮ್ಮ. ಅವರಲ್ಲಿ ಡಬ್ಬಕ್ಕೆ ಚಿತ್ರ ಬರೆಸುವವರು ಎಷ್ಟು ಜನ? ಸಾವಿರಗಟ್ಟಲೆ ಫಾಲೋವರ್ಸ್ ಇದ್ದರೂ ನಿಮಗೆ ಕೆಲಸ ಕೊಡುವವರು ಅವರಲ್ಲಿ ಇಲ್ಲದಿದ್ದರೆ ಆ ಟ್ಯಾಗ್ ಸುಮ್ನೆ ಖುಷಿಗೆ.

ಫೋಟೋಗ್ರಾಫರ್: ಪೂರ್ತಿ ಒಪ್ಪಲ್ಲ. ತೋರಿಸಲು ಒಂದೂ ಕೆಲಸ ಇಲ್ಲದ ಕಾಲದಲ್ಲಿ ನಾನು ಎರಡು ಫ್ರೀ ಶೂಟ್ ಮಾಡಿದ್ದೆ. ಆಮೇಲೆ ದುಡ್ಡು ಕೊಟ್ಟವರೆಲ್ಲ ಬಂದದ್ದು ಆ ಫೋಟೋ ನೋಡಿಯೇ.

ಹಿರಿಯ ಡಿಸೈನರ್: ಯಾರಿಗೆ ಮಾಡಿದ್ದು, ನಿಮಗೆ ಬೇಕಾದ ಹಾಗೆ ಮಾಡಲು ಬಿಟ್ಟರಾ?

ಫೋಟೋಗ್ರಾಫರ್: ಒಂದು ನಾಟಕ ತಂಡಕ್ಕೆ. ಪೂರ್ತಿ ನನ್ನಿಷ್ಟ. ತಿದ್ದುಪಡಿ ಗಿದ್ದುಪಡಿ ಏನೂ ಇರಲಿಲ್ಲ.

ಹಿರಿಯ ಡಿಸೈನರ್: ಹಾಗಾದರೆ ದರ ನೀವೇ ಬಿಟ್ಟದ್ದು, ಅವರು ಬಿಡಿಸಿದ್ದಲ್ಲ. ಅಂಥ ಕೆಲಸಕ್ಕೂ ಬಿಲ್ ಬರೆಯಿರಿ ಅನ್ನುತ್ತೇನೆ. ಪೂರ್ತಿ ದರ ಹಾಕಿ, ಕೆಳಗೆ 100 ಶೇಕಡಾ ರಿಯಾಯಿತಿ, ಈ ಒಂದು ಕೆಲಸಕ್ಕೆ ಮಾತ್ರ ಅಂತ. ಮುಂದಿನ ಸಲ ಮಾತು ಆ ಮೇಲಿನ ಅಂಕಿಯಿಂದ ಶುರುವಾಗುತ್ತದೆ.

ಫೋಟೋಗ್ರಾಫರ್: ಬಿಲ್ ಸರಿ. ಆದ್ರೂ ಶುರುವಿನಲ್ಲಿ ಇರುವವರು ನಿಮ್ಮ ದರಪಟ್ಟಿ ಕಳಿಸಿದರೆ ಕ್ಲೈಂಟ್ ಪಕ್ಕದವರ ಹತ್ತಿರ ಹೋಗ್ತಾರೆ. ಅದನ್ನೂ ಹೇಳಬೇಕು.

ಹಿರಿಯ ಡಿಸೈನರ್: ಹೋಗಬಹುದು, ಅದು ನಿಜ. ಹೋಗಲೇಬಾರದು ಅಂತಿದ್ದರೆ ನನ್ನ ಹತ್ತಿರ ಮದ್ದಿಲ್ಲ.

ಇಲಸ್ಟ್ರೇಟರ್: ಮೆಸೇಜ್ ಕಳಿಸಿದೆ, ಉತ್ತರ ಬಂತು. ಮುಂಭಾಗ ಮಾತ್ರ, ಮೊದಲ ಮುದ್ರಣಕ್ಕೆ, ಅರ್ಧ ದರಕ್ಕೆ ಒಪ್ಪಿದ್ದಾರೆ. ಉಳಿದ ನಾಲ್ಕರ ಬಗ್ಗೆ ‘ಆಮೇಲೆ ನೋಡೋಣ’ ಅಂದರು. ಸ್ಟೈಲ್ ನೋಡಲು ಒಂದು ಸ್ಯಾಂಪಲ್ ಬರೆದು ಕಳಿಸಿ ಅಂತಿದ್ದಾರೆ. ಕಳಿಸಲಾ?

ಹಿರಿಯ ಡಿಸೈನರ್: ನಿಮ್ಮ ಹಳೇ ಕೆಲಸಗಳಲ್ಲಿ ಇದಕ್ಕೆ ಹತ್ತಿರವಾದ ಮೂರು ಚಿತ್ರ ಕಳಿಸಿ. ಅವರ ಆಟಿಕೆಯ ಸ್ಕೆಚ್ಚೇ ಬೇಕು ಅಂದರೆ ಅದು ಕೆಲಸದ ಮೊದಲ ಹಂತ, ಅಡ್ವಾನ್ಸ್ ಬಂದ ಮೇಲೆ. ದರ ಒಪ್ಪುವವರು ಯಾರು ಅನ್ನುವುದಕ್ಕೆ ಉತ್ತರ ಬಂತಾ?

ಇಲಸ್ಟ್ರೇಟರ್: ಅದಕ್ಕೆ ಇನ್ನೂ ಇಲ್ಲ.

ಹಿರಿಯ ಡಿಸೈನರ್: ಅಡ್ವಾನ್ಸ್ ಬಿಲ್ ಯಾರ ಹೆಸರಿಗೆ ಬರೆಯಲಿ ಅಂತ ಕೇಳಿ. ಗೊತ್ತಾಗುತ್ತದೆ.