ಗೀಸರ್, ವಾಷಿಂಗ್ ಮೆಷಿನ್ ಮತ್ತು ಸ್ಮಾರ್ಟ್ ಪ್ಲಗ್: ಶನಿವಾರ ಆರ್ಡರ್ ಕೊಡುವ ಮುಂಚೆ

(ವಾಕಡ್, ಪುಣೆ. ನಮ್ಮ ಸೊಸೈಟಿಯ ಕನ್ನಡ ಮನೆಗಳ ಗುಂಪು)

ಸವಿತಾ, ಎ-604
ಎಲ್ಲರಿಗೂ ನಮಸ್ಕಾರ. ಮೊಬೈಲ್‌ನಿಂದ ಟೈಮರ್ ಇಡಬಹುದಾದ ಸ್ಮಾರ್ಟ್ ಪ್ಲಗ್ ಒಟ್ಟಿಗೆ ತರಿಸುವ ಪಟ್ಟಿಗೆ ದಿನಾ ಹೆಸರು ಸೇರುತ್ತಿದೆ. ಶನಿವಾರ ದುಡ್ಡು ಕೊಡಬೇಕು. ಅದಕ್ಕೆ ಮುಂಚೆ ಎರಡು ವಿಷಯ ಇಲ್ಲೇ ಮಾತಾಡಿ ಮುಗಿಸೋಣ. ಒಂದು, ಪಟ್ಟಿಯಲ್ಲಿರುವುದು 10 ಆಂಪಿಯರ್ ಪ್ಲಗ್, ಆದರೆ ಹೆಚ್ಚಿನವರು ಬರೆಸಿರುವುದು ಗೀಸರ್‌ಗೆ. ಎರಡು, ರಾತ್ರಿ 11ಕ್ಕೆ ಮೆಷಿನ್ ಹಾಕುವುದು ಜಾಸ್ತಿಯಾಗಿದೆ. ಕೆಳಗಿನ ಮನೆಯವರು ನಿದ್ದೆ ಇಲ್ಲದೆ ಒದ್ದಾಡುತ್ತಿದ್ದಾರೆ. ರಾತ್ರಿ ಕರೆಂಟ್ ಅಗ್ಗ ಎಂದು ಯಾರು ಹೇಳಿದರು?

ಗಿರೀಶ, ಬಿ-203
ನಾನೇ ಹೇಳಿದ್ದು ಅಕ್ಕಾ. ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯೂನಿಟ್‌ಗೆ ರಿಯಾಯಿತಿ ಬರುತ್ತಿತ್ತು. ಅದಕ್ಕೇ ಫರ್ನೇಸ್ ರಾತ್ರಿ ಪಾಳಿಯಲ್ಲಿ ಓಡಿಸುತ್ತಿದ್ದೆವು. ಸ್ಮಾರ್ಟ್ ಮೀಟರ್ ಬಂದ ಮೇಲೆ ಮನೆಗೂ ಅದೇ ಲೆಕ್ಕ ಅಲ್ವಾ?

ನಾಗರಾಜ, ಸಿ-501
ಗಿರೀಶ, ಕಾರ್ಖಾನೆಯ ಹಳೆಯ ಲೆಕ್ಕ ನೀವು ಹೇಳಿದ ಹಾಗೇ ಇತ್ತು. ಮನೆಗೆ ಅದು ಅನ್ವಯಿಸುವುದಿಲ್ಲ. ನಮ್ಮ ಕರೆಂಟ್ ಕಂಪನಿ ಮಹಾವಿತರಣ 2025ರ ಜುಲೈಯಿಂದ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಕೊಡುತ್ತಿರುವ ರಿಯಾಯಿತಿ ಹಗಲಿನದು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ, ಯೂನಿಟ್‌ಗೆ 80 ಪೈಸೆಯಿಂದ ಶುರು. ಕಾರಣ ಸೂರ್ಯ. ಸೋಲಾರ್ ಕರೆಂಟ್ ಗ್ರಿಡ್‌ಗೆ ಜಾಸ್ತಿ ಬರುವುದು ಆ ಹೊತ್ತಿನಲ್ಲಿ, ಅದನ್ನು ಅಲ್ಲೇ ಬಳಸಲಿ ಎಂದು ಈ ದರ. ರಾತ್ರಿ 11ಕ್ಕೆ ಬಟ್ಟೆ ಒಗೆದರೆ ಒಂದು ಪೈಸೆಯೂ ಉಳಿಯುವುದಿಲ್ಲ.

ಶ್ವೇತಾ, ಬಿ-103
ಕಾಕಾ, ಇದನ್ನು ದಯವಿಟ್ಟು ಸೊಸೈಟಿಯ ದೊಡ್ಡ ಗುಂಪಿನಲ್ಲೂ ಮರಾಠಿಯಲ್ಲಿ ಹಾಕಿ. ನಮ್ಮ ಮೇಲಿನ ಮನೆಯ ಮೆಷಿನ್ ಸ್ಪಿನ್‌ಗೆ ಬಂದರೆ ನಮ್ಮ ಕಪಾಟಿನ ಗಾಜು ಗಡಗಡ ಅನ್ನುತ್ತದೆ. ಮಗು ಎದ್ದರೆ ಮತ್ತೆ ಮಲಗಿಸಲು ಒಂದು ಗಂಟೆ ಬೇಕು.

ರುಕ್ಮಿಣಿ, ಎ-102
80 ಪೈಸೆ ಕಡಿಮೆ ಅಂದರೆ ನಮ್ಮ ಯೂನಿಟ್ ಕಡಿಮೆಯಾಗಿ ಕೆಳಗಿನ ಸ್ಲ್ಯಾಬ್‌ಗೆ ಇಳಿಯುತ್ತೇವಾ? ನಮ್ಮದು ಯಾವಾಗಲೂ 300 ದಾಟಿ ಸ್ವಲ್ಪ ಮೇಲೆ ಹೋಗುತ್ತದೆ.

ನಾಗರಾಜ, ಸಿ-501
ಇಲ್ಲ ರುಕ್ಮಿಣಿಯವರೇ. ಹೊತ್ತು ಬದಲಿಸಿದರೆ ಯೂನಿಟ್ ಅಷ್ಟೇ ಇರುತ್ತದೆ. ಹಗಲಿಗೆ ಸರಿದ ಯೂನಿಟ್‌ಗೆ ಮಾತ್ರ 80 ಪೈಸೆ ಸಿಗುತ್ತದೆ. 300ರಿಂದ ಕೆಳಗೆ ಬರಬೇಕಾದರೆ ಬಳಕೆಯೇ ಇಳಿಯಬೇಕು. ಆ ವಿಷಯಕ್ಕೆ ಗೀಸರ್ ಬಗ್ಗೆ ಹೇಳುವಾಗ ಬರುತ್ತೇನೆ, ಏಕೆಂದರೆ ಟೈಮರ್‌ನಿಂದ ನಿಜವಾದ ಲಾಭ ಇರುವುದು ಅಲ್ಲೇ.

ಸವಿತಾ, ಎ-604
ಕಾಕಾ, ನಮ್ಮ ಮನೆಯದೇ ಲೆಕ್ಕ ಹಾಕಿ ತೋರಿಸಿ. 25 ಲೀಟರ್ ಗೀಸರ್, 2000 ವ್ಯಾಟ್. ಸ್ನಾನ ಎಲ್ಲಾ ಬೆಳಿಗ್ಗೆ 6ರಿಂದ 7. ಸಂಜೆ 4ಕ್ಕೆ ಪ್ಲಗ್ ಆನ್ ಆಗಿ ನೀರು ಕಾಯಿಸಿಟ್ಟರೆ ಬೆಳಿಗ್ಗೆಗೆ ಆಯಿತಲ್ಲ ಎಂದು ಅರ್ಧ ವಿಂಗ್ ಹೇಳುತ್ತಿದೆ.

ನಾಗರಾಜ, ಸಿ-501
ಸರಿ, ನಿಧಾನವಾಗಿ ನೋಡೋಣ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 0.87 ಯೂನಿಟ್ ಬೇಕು. 2000 ವ್ಯಾಟ್‌ನಲ್ಲಿ ಅದು 26 ನಿಮಿಷದ ಕೆಲಸ. ಹಗಲಲ್ಲಿ ಕಾಯಿಸಿದರೆ ಸಿಗುವ ರಿಯಾಯಿತಿ ಸುಮಾರು 70 ಪೈಸೆ.

ಈಗ ಆ ನೀರು ಬೆಳಿಗ್ಗೆ 6ರವರೆಗೆ, ಅಂದರೆ 14 ಗಂಟೆ ಟ್ಯಾಂಕಿನಲ್ಲಿ ಕೂರಬೇಕು. ಗೀಸರ್ ಮೇಲಿನ ಸ್ಟಾರ್ ಲೇಬಲ್ ನೋಡಿ. ಸುಮ್ನೆ ಇಟ್ಟರೂ 24 ಗಂಟೆಗೆ ಎಷ್ಟು ಯೂನಿಟ್ ಶಾಖ ಸೋರುತ್ತದೆ ಎಂದು ಬರೆದಿರುತ್ತದೆ. ನಿಮ್ಮದರಲ್ಲಿ ಅದು ಅರ್ಧ ಯೂನಿಟ್ ಅಂದುಕೊಳ್ಳಿ. ಆ ಅಳತೆ ನೀರು ಹೊರಗಿನ ಗಾಳಿಗಿಂತ 45 ಡಿಗ್ರಿ ಬಿಸಿ ಇದ್ದಾಗಿನದು. ನಿಮ್ಮಲ್ಲಿ ವ್ಯತ್ಯಾಸ 30. ಹಾಗಾಗಿ 14 ಗಂಟೆಗೆ ಹೆಚ್ಚುಕಡಿಮೆ 0.2 ಯೂನಿಟ್ ಹೋಗುತ್ತದೆ. ಎಲ್ಲಾ ಸೇರಿ ಯೂನಿಟ್‌ಗೆ 10 ರೂಪಾಯಿ ಹಿಡಿದರೆ 2 ರೂಪಾಯಿ. 70 ಪೈಸೆ ಉಳಿಸಲು 2 ರೂಪಾಯಿ ಖರ್ಚು. ರಿಯಾಯಿತಿ 1 ರೂಪಾಯಿ ಆದರೂ ನಷ್ಟವೇ. ಹಳೆಯ ಗೀಸರ್ ಆದರೆ ಇನ್ನೂ ಜಾಸ್ತಿ.

ಸವಿತಾ, ಎ-604
ಹಾಗಾದರೆ ಬೆಳಿಗ್ಗೆಯ ಸ್ನಾನಕ್ಕೆ ಹಗಲಿನ ದರ ಕೆಲಸಕ್ಕೆ ಬಾರದು.

ನಾಗರಾಜ, ಸಿ-501
ಬೆಳಿಗ್ಗೆ 6ರ ಸ್ನಾನಕ್ಕೆ ಬಾರದು. 5:30ಕ್ಕೆ ಆನ್, 6ಕ್ಕೆ ಆಫ್, ಇದೇ ಅತಿ ಅಗ್ಗ. ಆದರೆ ನಿಮ್ಮ ಅತ್ತೆಯವರು ಒಂಬತ್ತೂವರೆ ಮೇಲೆ ಸ್ನಾನ ಮಾಡುತ್ತಾರಲ್ಲ? ಅವರಿಗೆ 8:30ಕ್ಕೆ ಗೀಸರ್ ಹಾಕುವ ಬದಲು 9:05ಕ್ಕೆ ಹಾಕಿ. 9ಕ್ಕೆ ಸರಿಯಾಗಿ ಬೇಡ. ಪ್ಲಗ್‌ನ ಗಡಿಯಾರ, ಮೀಟರಿನ ಗಡಿಯಾರ ನಿಮಿಷಕ್ಕೆ ನಿಮಿಷ ಹೊಂದಬೇಕೆಂದಿಲ್ಲ. ಸಂಜೆ ಆಟ ಮುಗಿಸಿ ಬರುವ ಮಕ್ಕಳಿಗೆ 4:25ಕ್ಕೆ ಆನ್, 4:55ಕ್ಕೆ ಆಫ್. ಈ ಎರಡು ಕಡೆ ರಿಯಾಯಿತಿ ಪೂರ್ತಿ ನಿಮ್ಮದು.

ಇನ್ನು ರುಕ್ಮಿಣಿಯವರ ಸ್ಲ್ಯಾಬ್. ಗೀಸರ್ ದಿನವಿಡೀ ಆನ್ ಬಿಡುವ ಮನೆಗಳಲ್ಲಿ ಥರ್ಮೋಸ್ಟ್ಯಾಟ್ ಆಗಾಗ ಮತ್ತೆ ಕಾಯಿಸುತ್ತಲೇ ಇರುತ್ತದೆ. ಸೋರುವ ಶಾಖವೇ ತಿಂಗಳಿಗೆ 10ರಿಂದ 15 ಯೂನಿಟ್ ತಿನ್ನುತ್ತದೆ. ಅದನ್ನು ನಿಲ್ಲಿಸಲು ಟೈಮರ್ ಬೇಕು. 310 ಬರುತ್ತಿದ್ದ ಮನೆ 300ರ ಒಳಗೆ ಬರುವುದು ಹೀಗೆ.

ರುಕ್ಮಿಣಿ, ಎ-102
ನಮ್ಮದು ದಿನವಿಡೀ ಆನ್ ಇರುತ್ತದೆ. ಕೆಂಪು ದೀಪ ಆಗಾಗ ಹತ್ತುತ್ತದೆ, ಆರುತ್ತದೆ. ಅದು ಹಾಳಾಗಿದೆಯೇನೋ ಅಂದುಕೊಂಡು ಮೆಕ್ಯಾನಿಕ್‌ನ ಕರೆಸಬೇಕೆಂದಿದ್ದೆ.

ನಾಗರಾಜ, ಸಿ-501
ಮೆಕ್ಯಾನಿಕ್ ಬೇಡ. ಆ ದೀಪ ಹತ್ತಿದಾಗೆಲ್ಲ ಅದು ಸೋರಿದ ಶಾಖವನ್ನು ತುಂಬುತ್ತಿದೆ, ಅಷ್ಟೇ.

ಪ್ರಕಾಶ, ಸಿ-302
ಪ್ಲಗ್ ವಿಷಯಕ್ಕೆ ಬರೋಣ. ನಾನು ಕಳೆದ ಚಳಿಗಾಲದಲ್ಲೇ 10 ಆಂಪಿಯರ್‌ದು ಹಾಕಿದ್ದೆ. ಗೀಸರ್‌ನ ದಪ್ಪ ಪಿನ್ ಅದರಲ್ಲಿ ಕೂರುವುದಿಲ್ಲ. ಅಂಗಡಿಯವರು ಒಂದು ಕನ್ವರ್ಟರ್ ಕೊಟ್ಟರು. ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಬಾತ್‌ರೂಮ್ ಹೊರಗೆ ಸುಟ್ಟ ಮೀನಿನ ಹಾಗೆ ವಾಸನೆ. ಕಿತ್ತು ನೋಡಿದರೆ ಕನ್ವರ್ಟರ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿತ್ತು, ಪಿನ್ ಕಪ್ಪಾಗಿತ್ತು. ಆದರೆ ಎಂಸಿಬಿ ಬೀಳಲಿಲ್ಲ! ಅದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ನಾಗರಾಜ, ಸಿ-501
ಎಂಸಿಬಿ ನೋಡುವುದು ಕರೆಂಟ್ ಎಷ್ಟು ಹರಿಯುತ್ತಿದೆ ಎಂದು ಮಾತ್ರ. 2000 ವ್ಯಾಟ್ ಗೀಸರ್ 9 ಆಂಪಿಯರ್‌ಗಿಂತ ಸ್ವಲ್ಪ ಕಡಿಮೆ ಎಳೆಯುತ್ತದೆ. ಅದರ ಲೆಕ್ಕಕ್ಕೆ ಎಲ್ಲಾ ಸರಿ ಇದೆ. ಬಿಸಿ ಹುಟ್ಟಿದ್ದು ಪಿನ್ ಸಡಿಲ ಕೂತ ಜಾಗದಲ್ಲಿ. ಅದು ಎಂಸಿಬಿಗೆ ಕಾಣುವುದಿಲ್ಲ. ಕರೆಂಟ್ ಸೋರಿದರೆ ಬೀಳುವ ಇಎಲ್‌ಸಿಬಿಗೂ ಕಾಣುವುದಿಲ್ಲ. 3000 ವ್ಯಾಟ್ ಗೀಸರ್ ಆದರೆ 13 ಆಂಪಿಯರ್, 10ರ ಪ್ಲಗ್‌ಗೆ ನೇರವಾಗಿಯೇ ಅತಿಭಾರ.

ಗೀಸರ್‌ಗೆ 16 ಆಂಪಿಯರ್ ಪ್ಲಗ್ ಮಾತ್ರ, ಕನ್ವರ್ಟರ್ ಇಲ್ಲದೆ, ಗೋಡೆಯ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ. ಹಾಕಿದ ಮೊದಲ ದಿನ 20 ನಿಮಿಷ ಓಡಿದ ಮೇಲೆ ಪ್ಲಗ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಗೋಡೆಯ ಸಾಕೆಟ್ ಸಡಿಲವಾಗಿದೆ, ಮೊದಲು ಅದನ್ನು ಬದಲಿಸಬೇಕು. ನಮ್ಮ ಕಟ್ಟಡದ ಸಾಕೆಟ್‌ಗಳು ಮೊದಲ ದಿನದಿಂದ ಇದ್ದವು, ಹಲವು ಸವೆದಿವೆ.

ಗಿರೀಶ, ಬಿ-203
ವಾಷಿಂಗ್ ಮೆಷಿನ್‌ಗಾದರೂ ಪ್ಲಗ್ ಆಗುತ್ತದಾ? ನಾವಿಬ್ಬರೂ 8ಕ್ಕೆ ಹೊರಟರೆ ಬರುವುದು 7ಕ್ಕೆ. ಹಗಲಲ್ಲಿ ಮನೆಯಲ್ಲಿ ಯಾರೂ ಇಲ್ಲ.

ಪ್ರಕಾಶ, ಸಿ-302
ನನ್ನ ಫ್ರಂಟ್ ಲೋಡ್‌ನಲ್ಲಿ ಆಗಲಿಲ್ಲ. ಪ್ಲಗ್ 11ಕ್ಕೆ ಆನ್ ಆಯಿತು, ಮೆಷಿನ್ ಸುಮ್ಮನೆ ಕೂತಿತ್ತು. ಅದರ ಪವರ್ ಬಟನ್ ಒತ್ತುವವರು ಯಾರು? ಮೆಷಿನ್‌ನಲ್ಲೇ ‘ಡಿಲೇ’ ಬಟನ್ ಇದೆ. ಬೆಳಿಗ್ಗೆ 7:30ಕ್ಕೆ ಬಟ್ಟೆ ತುಂಬಿ 4 ಗಂಟೆ ತಡ ಇಟ್ಟರೆ ಪ್ಲಗ್ಗೇ ಬೇಡ. ಕೆಲವು ಮೆಷಿನ್‌ಗಳಲ್ಲಿ ನಾವು ಕೊಡುವುದು ಶುರುವಾಗುವ ಸಮಯ ಅಲ್ಲ, ಮುಗಿಯುವ ಸಮಯ. ಒಂದು ಸಲ ನೋಡಿಕೊಳ್ಳಿ.

ನಾಗರಾಜ, ಸಿ-501
ಅದೇ ಸರಿ. ಆದರೆ ಗಿರೀಶ, ಮನೆಯಲ್ಲಿ ಯಾರೂ ಇಲ್ಲದಾಗ ಮೆಷಿನ್ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ನಲ್ಲಿಯ ಪೈಪ್ ಕಳಚಿದರೆ ನಿಮ್ಮ ಕೆಳಗಿನ ಶ್ವೇತಾ ಅವರ ಮನೆಗೆ ನೀರು. ಉಳಿತಾಯವಾದರೂ ಎಷ್ಟು? 40 ಡಿಗ್ರಿ ಬಿಸಿ ನೀರಿನ ಒಗೆತಕ್ಕೆ 0.8 ಯೂನಿಟ್ ಹಿಡಿಯಿರಿ, ಒಂದು ಸಲಕ್ಕೆ 64 ಪೈಸೆ. ತಿಂಗಳಿಗೆ 20 ಸಲ ಒಗೆದರೂ 13 ರೂಪಾಯಿ. ತಣ್ಣೀರಲ್ಲಿ ಒಗೆದರೆ ಬಳಕೆಯೇ ಅದರ ಕಾಲು ಭಾಗ, ಎಷ್ಟು ಹೊತ್ತಿಗೆ ಒಗೆದರೂ ಲಾಭ ಅದಕ್ಕಿಂತ ಜಾಸ್ತಿ. ಶನಿವಾರ, ಭಾನುವಾರ ಹಗಲಲ್ಲಿ ಹಾಕಿ ಬಿಡಿ.

ಗಿರೀಶ, ಬಿ-203
ವಾರದ ಬಟ್ಟೆ ಎರಡು ದಿನದಲ್ಲಿ ಒಣಗಬೇಕಲ್ಲ ಕಾಕಾ, ಮಳೆಗಾಲದಲ್ಲಿ ಬಾಲ್ಕನಿಯೇ ಸಾಲುವುದಿಲ್ಲ. ರಾತ್ರಿ 11 ಬಿಡುತ್ತೇನೆ, ಮಾತು ಕೊಟ್ಟೆ. ಆದರೆ ಬೆಳಿಗ್ಗೆ 6:30ಕ್ಕೆ ಹಾಕುತ್ತೇನೆ, ರಿಯಾಯಿತಿ ಹೋದರೆ ಹೋಗಲಿ.

ಶ್ವೇತಾ, ಬಿ-103
6:30 ನಮಗೆ ಓಕೆ ಅಣ್ಣಾ. ತುಂಬಾ ಥ್ಯಾಂಕ್ಸ್. ಮೆಷಿನ್ ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್ ಹಾಕಿದರೆ ಇನ್ನೂ ಒಳ್ಳೆಯದು.

ಬಸವರಾಜ, ಬಿ-701
ನನಗೆ ಗೀಸರ್ ಚಿಂತೆ ಇಲ್ಲ, ನಮ್ಮದು ಮಹಡಿಯ ಸೋಲಾರ್ ನೀರು. ಆದರೆ ಇಷ್ಟೆಲ್ಲ ಪೈಸೆ ಲೆಕ್ಕದ ನಡುವೆ ಸೊಸೈಟಿಯ ಪಂಪ್ ಯಾರಿಗೂ ನೆನಪಾಗಲಿಲ್ಲವಾ? 7.5 ಎಚ್‌ಪಿ ಮೋಟರ್. ವಾಚ್‌ಮನ್ ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಹಾಕುತ್ತಾನೆ. ಎರಡೂ ಸೇರಿ ದಿನಕ್ಕೆ ಮೂರು ಗಂಟೆ.

ನಾಗರಾಜ, ಸಿ-501
ಇದು ಒಳ್ಳೆಯ ಮಾತು ಬಸವರಾಜ. ಹತ್ತಿರ ಹತ್ತಿರ 17 ಯೂನಿಟ್ ದಿನಕ್ಕೆ. ಪೂರ್ತಿ ಹಗಲಿಗೆ ಸರಿಸಿದರೆ ದಿನಕ್ಕೆ 13 ರೂಪಾಯಿ, ತಿಂಗಳಿಗೆ 400. ನೀರು ಟ್ಯಾಂಕಿನಲ್ಲಿ ಕೂತರೆ ಶಾಖದ ಹಾಗೆ ಸೋರುವುದೂ ಇಲ್ಲ. ಸಂಜೆ 6ರ ಪಾಳಿಯನ್ನು 3:30ಕ್ಕೆ ತಂದರೆ ಅರ್ಧ ಲಾಭ ಈಗಲೇ ಸಿಗುತ್ತದೆ. ಬೆಳಿಗ್ಗೆಯದು ಕಷ್ಟ, ರಾತ್ರಿ ಟ್ಯಾಂಕ್ ಖಾಲಿಯಾದರೆ 6ಕ್ಕೆ ಹಾಕಲೇಬೇಕು. ಆದರೆ ಮೊದಲು ನೋಡಬೇಕಾದ್ದು, ಕಾಮನ್ ಮೀಟರ್ ಯಾವ ದರದಲ್ಲಿದೆ, ಅದಕ್ಕೆ ಹೊತ್ತಿನ ಲೆಕ್ಕ ಬರುತ್ತಿದೆಯಾ ಎಂದು. ಬಿಲ್‌ನಲ್ಲಿ ವೇಳೆಯ ಪ್ರಕಾರ ಯೂನಿಟ್ ಬೇರೆ ಬೇರೆ ಸಾಲಿನಲ್ಲಿ ಬಂದಿದ್ದರೆ ಸರಿ.

ಸವಿತಾ, ಎ-604
ಕಾಮನ್ ಬಿಲ್ ಖಜಾಂಚಿಯವರ ಹತ್ತಿರ ಇದೆ, ನಾಳೆ ಕೇಳಿ ಫೋಟೋ ಹಾಕುತ್ತೇನೆ. ಪ್ಲಗ್ ಪಟ್ಟಿ ಹೀಗೆ ಬದಲಿಸುತ್ತಿದ್ದೇನೆ. 10 ಆಂಪಿಯರ್ ಆರ್ಡರ್ ರದ್ದು. ಗೀಸರ್ ದಿನವಿಡೀ ಆನ್ ಇರುವ ಮನೆ, ಅಥವಾ 9ರ ಮೇಲೆ ಸ್ನಾನ ಇರುವ ಮನೆ ಮಾತ್ರ 16 ಆಂಪಿಯರ್‌ಗೆ ಹೆಸರು ಕೊಡಿ. ಹೆಸರಿನ ಜೊತೆ ಗೀಸರ್ ಎಷ್ಟು ವ್ಯಾಟ್ ಎಂದು ಬರೆಯಿರಿ, ಸಾಕೆಟ್‌ನ ಫೋಟೋ ಕಳಿಸಿ. ವಾಷಿಂಗ್ ಮೆಷಿನ್‌ಗೆಂದು ಬರೆಸಿದ್ದವರ ಹೆಸರು ತೆಗೆಯುತ್ತೇನೆ, ಬೇಜಾರಾಗಬೇಡಿ.

ರುಕ್ಮಿಣಿ, ಎ-102
ನನ್ನ ಹೆಸರು ಬರೆದುಕೊಳ್ಳಮ್ಮ. ವ್ಯಾಟ್ ಎಲ್ಲಿ ಬರೆದಿರುತ್ತದೆ? ಇನ್ನೊಂದು, ಕರೆಂಟ್ ಹೋಗಿ ಬಂದರೆ ಅದು ತಾನಾಗೇ ಆನ್ ಆಗಿಬಿಡುತ್ತದಾ?

ಪ್ರಕಾಶ, ಸಿ-302
ಗೀಸರ್‌ನ ತಳದಲ್ಲೋ ಪಕ್ಕದಲ್ಲೋ ಚೀಟಿ ಇರುತ್ತದೆ ಆಂಟಿ, 2000W ಅಥವಾ 3000W ಎಂದು. ಕರೆಂಟ್ ಬಂದಾಗ ಏನಾಗಬೇಕು ಎನ್ನುವುದು ಆ್ಯಪ್‌ನ ಸೆಟ್ಟಿಂಗ್. ಅದನ್ನು ‘ಆಫ್’ ಇಡಬೇಕು, ಇಲ್ಲದಿದ್ದರೆ ಮಧ್ಯಾಹ್ನ ಆನ್ ಆಗಿ ಮತ್ತೆ ದಿನವಿಡೀ ಓಡುತ್ತದೆ. ನಾನು ಭಾನುವಾರ ಬಂದು ಹಾಕಿಕೊಡುತ್ತೇನೆ. ನಿಮ್ಮ ವೈಫೈ 2.4 ಗಿಗಾಹರ್ಟ್ಸ್‌ನಲ್ಲೂ ಬರುತ್ತದಾ ಎಂದು ಮಗನನ್ನು ಕೇಳಿಟ್ಟಿರಿ, ಈ ಪ್ಲಗ್‌ಗಳಲ್ಲಿ ಬಹಳಷ್ಟು 5ರಲ್ಲಿ ಸೇರುವುದಿಲ್ಲ.

ಬಸವರಾಜ, ಬಿ-701
ವಾಚ್‌ಮನ್ ಹತ್ತಿರ ಈಗಷ್ಟೇ ಮಾತಾಡಿದೆ. 3:30ಕ್ಕೆ ಹಾಕಲು ಅವನಿಗೆ ತೊಂದರೆ ಇಲ್ಲ, ಆದರೆ ಟ್ಯಾಂಕರ್ ಬರುವುದೇ ಕೆಲವು ದಿನ ಐದೂವರೆಗೆ ಅನ್ನುತ್ತಾನೆ. ಸಂಪ್ ಖಾಲಿ ಇದ್ದರೆ ಏನು ಎತ್ತುವುದು? ಟ್ಯಾಂಕರ್‌ನವರ ಸಮಯ ಬದಲಿಸುವುದು ಕಮಿಟಿಯ ಕೈಯಲ್ಲಿದೆ. ಸವಿತಾ, ಬಿಲ್ ಫೋಟೋ ಬಂದ ಮೇಲೆ ಅದನ್ನೂ ಮೀಟಿಂಗಿನ ವಿಷಯದಲ್ಲಿ ಸೇರಿಸಮ್ಮ.